ಬಟ್ಟೆಗೆ ಮೂರು ದಿನ, ರೇಷನ್ನಿಗೆ ಎರಡೇ ಗಂಟೆ

ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ "ಹಳೇ ಬಟ್ಟೆ ಇದ್ದರೆ ಕೊಡಿ" ಅಂತ ಒಂದು ಸಾಲು ಹಾಕಿ ನೋಡಿ. ಭಾನುವಾರ ಸಂಜೆ ಲಾಬಿಯಲ್ಲಿ ಒಂಟಿ ಸಾಕ್ಸು, ಹತ್ತಿ ಗಂಟುಕಟ್ಟಿದ ದಿಂಬು, ಕಂಪನಿ ಹೆಸರಿನ ಮಾಸಿದ ಟೀ ಶರ್ಟು ಬಂದು ಬಿದ್ದಿರುತ್ತವೆ. ತಪ್ಪು ಕೊಟ್ಟವರದಲ್ಲ, ಆ ಒಂದು ಸಾಲಿನದು. ಹಾಗಾಗಿ ಗ್ರೂಪಿಗೆ ಏನಾದರೂ ಹಾಕುವ ಮೊದಲು, ತೆಗೆದುಕೊಳ್ಳುವವರಿಗೆ ಒಂದು ಫೋನ್ ಮಾಡಿ. ಅನಾಥಾಶ್ರಮವಾಗಲಿ, ವೃದ್ಧಾಶ್ರಮವಾಗಲಿ, ಗೂಂಜ್‌ನಂಥ ಸಂಸ್ಥೆಯಾಗಲಿ, ಕೇಳಬೇಕಾದ್ದು ಮೂರೇ: ಯಾವ ವಯಸ್ಸಿನವರಿಗೆ ಬೇಕು, ಏನು ಬೇಡವೇ ಬೇಡ, ಯಾವ ದಿನ ಇಳಿಸಿಕೊಳ್ಳಲು ಜನ ಇರುತ್ತಾರೆ. ವೃದ್ಧಾಶ್ರಮದಲ್ಲಿ ಜೀನ್ಸ್ ತೊಡುವವರು ಕಡಿಮೆ. ಮೆತ್ತನೆ ನೈಟಿ, ಲುಂಗಿ, ಸ್ವೆಟರ್ ಅಲ್ಲಿ ಕೂಡಲೇ ಮೈಮೇಲೆ ಬರುತ್ತವೆ.

ದಿನ ಗೊತ್ತುಮಾಡುವಾಗ ಮಳೆಗಾಲ ಬಿಟ್ಟುಬಿಡಿ. ಬೆಂಗಳೂರಿಗೆ ಯುಗಾದಿಗೆ ಮುಂಚಿನ ಎರಡು ವಾರ ಒಳ್ಳೆಯ ಹೊತ್ತು. ಬೀರು ಖಾಲಿ ಮಾಡುವ ಕೆಲಸ ಹೇಗೂ ನಡೆದಿರುತ್ತದೆ, ಒಗೆದದ್ದು ಒಂದೇ ದಿನಕ್ಕೆ ಗರಿಗರಿಯಾಗಿ ಒಣಗುತ್ತದೆ. ಕಂಬಳಿ, ಸ್ವೆಟರ್‌ಗಳಿಗೆ ಮಾತ್ರ ದೀಪಾವಳಿ ಹೊತ್ತಿಗೆ ಬೇರೆಯಾಗಿ ಕೇಳಿದರೆ ಚಳಿಗೆ ಮುಂಚೆ ತಲುಪುತ್ತವೆ. ಸಂಗ್ರಹ ಮೂರು ದಿನ ಸಾಕು. ಹತ್ತು ದಿನ ಡಬ್ಬ ಇಟ್ಟರೆ ಅದು ಗುಜರಿ ಡಬ್ಬವಾಗುತ್ತದೆ. ಕಾಯುವವರಿಲ್ಲದ ಕಡೆ ಒಡೆದ ಆಟಿಕೆ, ಹಳೇ ಚಾರ್ಜರ್ ಎಲ್ಲ ರಾತ್ರಿ ಬಂದು ಕೂರುತ್ತವೆ.

ಎರಡು ಬ್ಲಾಕ್, 120 ಮನೆ ಇರುವ ಕಡೆ ಎಂದುಕೊಳ್ಳಿ. ಅದರಲ್ಲಿ ಕೊಡುವವರು ನಲವತ್ತು, ನಲವತ್ತೈದು ಮನೆ. ಮನೆಗೆ ನಾಲ್ಕೈದು ಕೆ.ಜಿ. ಹಿಡಿದರೆ ಒಟ್ಟು 200 ಕೆ.ಜಿ. ಹತ್ತಿರ ಬರುತ್ತದೆ. 25 ಕೆ.ಜಿ. ಅಕ್ಕಿ ಚೀಲದಲ್ಲಿ ಬಟ್ಟೆಯನ್ನು ಹನ್ನೆರಡು ಹದಿಮೂರು ಕೆ.ಜಿ.ಗಿಂತ ಹೆಚ್ಚು ತುರುಕಬೇಡಿ, ಒಬ್ಬರೇ ಎತ್ತುವಂತಿರಲಿ. ಆ ಲೆಕ್ಕಕ್ಕೆ ಹದಿನಾರು ಹದಿನೇಳು ಚೀಲ ಬೇಕು, ಸಾಗಿಸಲು ಒಂದು ಟಾಟಾ ಏಸ್ ಸಾಕು.

ಚೀಲ ಇಡುವ ಜಾಗ ಗೇಟು ಅಲ್ಲ. ಸೆಕ್ಯುರಿಟಿಯವರ ಮೇಜಿನಲ್ಲಿ ಕೊರಿಯರ್ ಪಾರ್ಸೆಲ್ ಜೊತೆ ಬೆರೆಯುತ್ತದೆ, ಯಾರಾದರೂ ಹರಿದದ್ದು ತಂದರೆ ಬೇಡ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ. ಬೇಸ್‌ಮೆಂಟ್ ನೆಲ ತೇವ ಎಳೆಯುತ್ತದೆ. ಮೆಟ್ಟಿಲ ಬುಡ ಬೆಂಕಿ ಬಿದ್ದಾಗ ಓಡುವ ದಾರಿ, ಅಲ್ಲಿ ಚೀಲ ಇಡಲೇಬಾರದು. ಒಣಕಸದ ಡಬ್ಬದ ಪಕ್ಕ ಇಟ್ಟರಂತೂ ಬೆಳಿಗ್ಗೆ ಕಸದ ಗಾಡಿಗೆ ಹೋಗಿರುತ್ತದೆ. ಪ್ರತಿ ಬ್ಲಾಕಿನ ನೆಲಮಹಡಿ ಲಿಫ್ಟ್ ಎದುರು ಒಂದು ಮೇಜು, ಇಬ್ಬರು ಜನ, ಗೋಡೆಗೆ ದೊಡ್ಡ ಅಕ್ಷರದ ಪಟ್ಟಿ. ಸಮಯ ಮುಗಿದ ಮೇಲೆ ಬಂದದ್ದೆಲ್ಲ ಕ್ಲಬ್ ಹೌಸಿನಲ್ಲಿ ಬೀಗದೊಳಗೆ.

ಗ್ರೂಪಿಗೆ ಹಾಕುವ ಮಾತು ಹತ್ತು ದಿನ ಮುಂಚೆ ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ. ಹೀಗೆ ಬರೆದರೆ ಮತ್ತೆ ಮತ್ತೆ ಪ್ರಶ್ನೆ ಬರುವುದಿಲ್ಲ:

"ಮಾರ್ಚ್ 6 ಶುಕ್ರವಾರ ಸಂಜೆ 6ರಿಂದ 8, ಮಾರ್ಚ್ 7 ಶನಿವಾರ ಮತ್ತು 8 ಭಾನುವಾರ ಬೆಳಿಗ್ಗೆ 10ರಿಂದ 12. ಎ ಬ್ಲಾಕ್, ಬಿ ಬ್ಲಾಕ್ ಲಿಫ್ಟ್ ಎದುರು. ಒಗೆದು ಪೂರ್ತಿ ಒಣಗಿಸಿದ್ದು ಮಾತ್ರ. ಬೇಕು: ಹತ್ತಿ ಸೀರೆ, ಚೂಡಿದಾರ್ ಸೆಟ್, ನೈಟಿ, ಶರ್ಟು, ಪ್ಯಾಂಟು, ಪಂಚೆ, ಲುಂಗಿ, ಮಕ್ಕಳ ಬಟ್ಟೆ, ಬೆಡ್‌ಶೀಟ್, ಟವೆಲ್. ಬೇಡ: ಬಳಸಿದ ಒಳಉಡುಪು, ಸಾಕ್ಸು, ದಿಂಬು, ಹಾಸಿಗೆ, ಶಾಲೆ ಹೆಸರಿನ ಯೂನಿಫಾರಂ, ಹರಿದದ್ದು, ಕಲೆಯಾದದ್ದು. ರೇಷನ್ ಭಾನುವಾರ ಮಾತ್ರ. ಸಮಯದ ಹೊರಗೆ ದಯವಿಟ್ಟು ಚೀಲ ಇಡಬೇಡಿ."

"ಒಳ್ಳೇ ಸ್ಥಿತಿಯಲ್ಲಿರುವ ಬಟ್ಟೆ" ಎಂದಷ್ಟೇ ಬರೆದರೆ ಒಬ್ಬೊಬ್ಬರ ಒಳ್ಳೇದು ಒಂದೊಂದು. ಹೆಸರು ಹಿಡಿದೇ ಬರೆಯಬೇಕು.

ಇನ್ನು ಬಂದದ್ದನ್ನು ನೋಡುವ ಬಗೆ. ಮೊದಲು ಮೂಗು. ಮುಗ್ಗಲು ವಾಸನೆ ಬಂದರೆ ಅರೆ ಒಣಗಿದ್ದನ್ನು ಕಟ್ಟಿದ್ದಾರೆ ಎಂದರ್ಥ. ಎರಡು ದಿನದಲ್ಲಿ ಬೂಸ್ಟು ಹಿಡಿದು ಪಕ್ಕದ ಬಟ್ಟೆಗೂ ಹತ್ತುತ್ತದೆ. ಜೀನ್ಸ್ ಮೇಲೆ ಒಣಗಿದಂತಿದ್ದರೂ ಸೊಂಟದ ಪಟ್ಟಿ, ಜೇಬಿನ ಒಳಬಟ್ಟೆ ಹಸಿ ಇರುತ್ತದೆ, ಅಲ್ಲಿ ಬೆರಳಿಟ್ಟು ನೋಡಿ. ಜೇಬಿಗೆ ಕೈ ಹಾಕಿದಾಗ ದುಡ್ಡು, ಬೀಗದ ಕೈ, ಪುಟ್ಟ ಓಲೆ ಸಿಗುವುದುಂಟು, ಹಾಗಾಗಿ ಚೀಲದ ಮೇಲೆ ಮನೆ ನಂಬರ್ ಬರೆಸಿಕೊಂಡಿರಿ. ಎಲಾಸ್ಟಿಕ್ ಎಳೆದು ಬಿಡಿ. ಚರಚರ ಸದ್ದು ಬಂದರೆ, ಸಡಿಲಾಗಿಯೇ ಉಳಿದರೆ ಅದರ ಕಾಲ ಮುಗಿಯಿತು. ರೇಷ್ಮೆ ಸೀರೆ ಕೊಟ್ಟರೆ ಮಡಿಕೆ ಬಿಚ್ಚಿ ಬೆಳಕಿಗೆ ಹಿಡಿಯಿರಿ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟದ್ದು ಆ ಗೆರೆಯಲ್ಲೇ ಸೀಳುತ್ತದೆ. ಒಂದು ಗುಂಡಿ ಹೋಗಿದ್ದರೆ ಬಟ್ಟೆ ಬಿಸಾಡಬೇಡಿ, ಮೇಜಿನ ಮೇಲೆ ಸೂಜಿದಾರ ಇರಲಿ.

ಜೋಡಿ ತಪ್ಪುವುದು ದೊಡ್ಡ ತಲೆನೋವು. ಚೂಡಿದಾರ್ ಟಾಪು, ಪ್ಯಾಂಟು, ದುಪಟ್ಟಾ ಮೂರನ್ನೂ ಅದೇ ದುಪಟ್ಟಾದಲ್ಲಿ ಗಂಟು ಹಾಕಿ. ಸೀರೆಗೆ ರವಿಕೆಯನ್ನು ನೂಲಿನಿಂದ ಕಟ್ಟಿ. ಪಿನ್ ಬೇಡ, ತುಕ್ಕು ಹಿಡಿದು ಕಲೆ ಬೀಳುತ್ತದೆ. ಆಮೇಲೆ ಗಂಡಸರದು, ಹೆಂಗಸರದು, ಮಕ್ಕಳದು ಎಂದು ಬೇರೆ ಬೇರೆ ಚೀಲ. ಮಕ್ಕಳದನ್ನು 0–2, 3–6, 7–12 ವರ್ಷ ಎಂದು ಒಡೆದು, ಚೀಲದ ಹೊರಗೆ ಮಾರ್ಕರ್‌ನಲ್ಲಿ ಬರೆಯಿರಿ. ಹೀಗೆ ಬಂದ ಚೀಲವನ್ನು ಅಲ್ಲಿಯವರು ಮತ್ತೆ ಸುರಿದು ಹುಡುಕಬೇಕಿಲ್ಲ.

ರೇಷನ್ನನ್ನು ಬಟ್ಟೆ ಮೇಜಿನಲ್ಲಿ ತೆಗೆದುಕೊಳ್ಳಬೇಡಿ. ಭಾನುವಾರ ಎರಡು ಗಂಟೆ, ಬೇರೆ ಮೇಜು. ಸುಮ್ಮನೆ "ದಿನಸಿ ಕೊಡಿ" ಅಂದರೆ ಉಪ್ಪಿನ ಪ್ಯಾಕೆಟ್ಟೇ ಗುಡ್ಡೆ ಬೀಳುತ್ತದೆ. ಎ ಬ್ಲಾಕಿಗೆ ಅಕ್ಕಿ, ತೊಗರಿಬೇಳೆ. ಬಿ ಬ್ಲಾಕಿಗೆ ಎಣ್ಣೆ, ಸಕ್ಕರೆ, ರವೆ ಎಂದು ಹಂಚಿಬಿಡಿ. ಅಂಗಡಿಯ ಸೀಲ್ ಒಡೆಯದ ಪ್ಯಾಕೆಟ್ ಮಾತ್ರ, ಅದರ ಮೇಲಿನ ತಾರೀಖಿಗೆ ಇನ್ನೂ ಮೂರು ತಿಂಗಳಾದರೂ ಇರಬೇಕು. ಡಬ್ಬದಿಂದ ತೆಗೆದ ಬಿಡಿ ಅಕ್ಕಿ ಎಷ್ಟೇ ಚೆನ್ನಾಗಿ ಕಂಡರೂ ಬೇಡ, ಅದರಲ್ಲಿನ ನಾಲ್ಕು ಹುಳ ಇಡೀ ಗೋಣಿಗೆ ಹಬ್ಬುತ್ತದೆ. ಮಾಡಿದ ಅಡುಗೆ, ಮನೆಯ ಉಪ್ಪಿನಕಾಯಿ ಬೇಡ. ಸೋಪು ಕೊಡುವವರಿದ್ದರೆ ಬೇರೆ ಡಬ್ಬದಲ್ಲಿಡಿ, ಬೇಳೆಗೆ ವಾಸನೆ ಹತ್ತುತ್ತದೆ. ಎಳೆಮಕ್ಕಳ ಹಾಲಿನ ಪುಡಿಯನ್ನು ಯಾರಿಗೆಂದರೆ ಅವರಿಗೆ ದಾನವಾಗಿ ಹಂಚಲು 1992ರ ಕಾಯ್ದೆಯ ನಿರ್ಬಂಧವಿದೆ, ಪಟ್ಟಿಯಿಂದ ಹೊರಗಿಡುವುದೇ ಸರಿ.

ಎಷ್ಟು ಹೇಳಿದರೂ ಬೇಡದ್ದು ಒಂದೆರಡು ಚೀಲ ಉಳಿಯುತ್ತದೆ. ಅದನ್ನು "ಕೆಲಸದವರಿಗೆ ಕೊಟ್ಟುಬಿಡೋಣ" ಎನ್ನುವವರು ಇದ್ದೇ ಇರುತ್ತಾರೆ. ನಾವು ಉಡದ ಹರಕು ಅವರಿಗೇಕೆ? ಹತ್ತಿಯದನ್ನು ಕತ್ತರಿಸಿ ನೆಲ ಒರೆಸಲು ಹೌಸ್‌ಕೀಪಿಂಗ್‌ಗೆ ಇಡಿ, ಮಿಕ್ಕದ್ದು ಒಣಕಸಕ್ಕೆ.

ಸೋಮವಾರ ಬೆಳಿಗ್ಗೆ ಗಾಡಿ ಹೊರಡಲಿ, ಜೊತೆಗೆ ಒಬ್ಬರು ಹೋಗಲಿ. ಗಾಡಿ ಬಾಡಿಗೆಗೆ ಬಂದ ದುಡ್ಡನ್ನು ಮೇಂಟೆನೆನ್ಸ್ ಖಾತೆಗೆ ಬೆರೆಸದೆ, ಬಂದದ್ದು ಹೋದದ್ದು ಗ್ರೂಪಿನಲ್ಲಿ ಹಾಕಿ. ಅಲ್ಲಿ ಚೀಲ ಎಣಿಸಿ ಸಹಿ ಹಾಕಿಸಿಕೊಂಡ ಚೀಟಿಯ ಫೋಟೋನೂ ಅದೇ ದಿನ ಹಾಕಿ. ಆ ಚೀಟಿ ಹಿಡಿದು ಆದಾಯ ತೆರಿಗೆ ವಿನಾಯಿತಿ ಕೇಳುವವರಿದ್ದರೆ ಮೊದಲೇ ಹೇಳಿಬಿಡಿ: ವಸ್ತುವಾಗಿ ಕೊಟ್ಟದ್ದಕ್ಕೆ ಅದು ಸಿಗುವುದಿಲ್ಲ.