ಪಿಗ್ಮಿ ಆ್ಯಪ್‌ಗೆ ಪಿನ್ನಿಂಗ್, ರೂಟ್ ಚೆಕ್ ಎಷ್ಟು ಬೇಕು?

ಗದಗಿನ ಒಂದು ಪತ್ತಿನ ಸಂಘದ ಪಿಗ್ಮಿ ಆ್ಯಪನ್ನು ನಾನು ಹುಬ್ಬಳ್ಳಿಯಿಂದ ನೋಡಿಕೊಳ್ಳುತ್ತೇನೆ. ಏಜೆಂಟರು ಅಂಗಡಿ ಅಂಗಡಿಗೆ ಹೋಗಿ ಹಣ ಪಡೆದು, ಅಲ್ಲೇ ಮೊಬೈಲಿನಲ್ಲಿ ಎಂಟ್ರಿ ಹಾಕುತ್ತಾರೆ. ಆ್ಯಪ್ ನನ್ನ ಕೈಗೆ ಬಂದಾಗಲೇ ಅದರಲ್ಲಿ ಸರ್ಟಿಫಿಕೇಟ್ ಪಿನ್ನಿಂಗ್, ರೂಟ್ ಚೆಕ್ ಎರಡೂ ಇದ್ದವು. ಪಿನ್ನಿಂಗ್ ಅಂದರೆ ಆ್ಯಪ್ ತನ್ನೊಳಗೆ ಗುರುತು ಇರುವ ಕೀಯ ಸರ್ವರನ್ನು ಮಾತ್ರ ನಂಬುವುದು. ರೂಟ್ ಚೆಕ್ ಅಂದರೆ ಫೋನಿನ ಪೂರ್ತಿ ಹಿಡಿತ ಸಿಗುವಂತೆ ಅದನ್ನು ರೂಟ್ ಮಾಡಿದ್ದಾರೆಯೇ ಎಂದು ನೋಡುವುದು.

ಒಂದು ಬೆಳಿಗ್ಗೆ ಸಾಲಾಗಿ ಫೋನ್ ಬಂದವು. "ಸರ, ನೆಟ್ ಐತ್ರಿ, ಆ್ಯಪ್ ಅಷ್ಟ ನಡೀವಲ್ದು." ಅದೇ ಸರ್ವರ್ ವಿಳಾಸ ಬ್ರೌಸರಿನಲ್ಲಿ ಸಲೀಸಾಗಿ ತೆರೆಯುತ್ತಿತ್ತು. ಹಾಗಾದರೆ ಅನುಮಾನ ಪಿನ್ನಿಂಗ್ ಮೇಲೇ. ಲಾಗ್ ನೋಡಿದರೆ ಇತ್ತು:

```
SSLPeerUnverifiedException: Certificate pinning failure!
```

ನಮ್ಮದು ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಸರ್ಟಿಫಿಕೇಟ್. ಸರ್ಟ್‌ಬಾಟ್ ಅದನ್ನು ರಾತ್ರಿ ನವೀಕರಿಸಿತ್ತು. ನವೀಕರಿಸುವಾಗ ಅದು ಹೇಳದಿದ್ದರೂ ಹೊಸ ಕೀ ಮಾಡುತ್ತದೆ. ಆ್ಯಪ್‌ನಲ್ಲಿ ಇದ್ದದ್ದು ಹಳೆಯ ಕೀಯ ಗುರುತು ಒಂದೇ. ಹೊಸ ಆ್ಯಪ್ ಎಲ್ಲರ ಫೋನಿಗೆ ತಲುಪುವ ತನಕ ಕಾಯುವಂತಿರಲಿಲ್ಲ. ಆದರೆ ನವೀಕರಣ ಅವಧಿ ಮುಗಿಯುವ ಸುಮಾರು 30 ದಿನ ಮುಂಚೆಯೇ ಆಗುತ್ತದೆ ಅಲ್ವಾ? ಅಂದರೆ ಹಳೆಯ ಸರ್ಟಿಫಿಕೇಟ್ ಇನ್ನೂ ಜೀವಂತ. `/etc/letsencrypt/archive` ಒಳಗೆ ಅದೂ ಅದರ ಕೀಯೂ ಸಿಕ್ಕವು. ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ಗೆ ಅವನ್ನೇ ತೋರಿಸಿ ರೀಲೋಡ್ ಮಾಡಿದೆ. ಸಂಗ್ರಹ ಮತ್ತೆ ಶುರುವಾಯಿತು.

ಸಿಕ್ಕ ಸಮಯದಲ್ಲಿ ಹೊಸ ಆ್ಯಪ್ ಬಿಟ್ಟೆ. ಅದರಲ್ಲಿ ಮೂರು ಪಿನ್: ಒಂದು ಸದ್ಯ ಓಡುತ್ತಿದ್ದ ಹಳೆಯ ಕೀಯದು, ಒಂದು ಸರ್ಟ್‌ಬಾಟ್ ಮಾಡಿದ ಹೊಸ ಕೀಯದು, ಇನ್ನೊಂದು ಸರ್ವರ್‌ನಲ್ಲಿ ಇಡದೆ ಬೇರೆ ಕಡೆ ಜೋಪಾನ ಮಾಡಿದ ಕೀಯದು. ಆಂಡ್ರಾಯ್ಡ್‌ನ ನೆಟ್‌ವರ್ಕ್ ಸೆಕ್ಯೂರಿಟಿ ಕಾನ್ಫಿಗ್‌ನ `pin-set`ಗೆ `expiration` ದಿನಾಂಕವನ್ನೂ ಹಾಕಿದೆ. ಆ ದಿನ ದಾಟಿದರೆ ಪಿನ್ನಿಂಗ್ ತಾನಾಗಿ ನಿಲ್ಲುತ್ತದೆ, ಹಳೆಯ ಆ್ಯಪ್ ಇಟ್ಟುಕೊಂಡವರು ಕೈ ಖಾಲಿ ಕೂರಬೇಕಿಲ್ಲ. ಸರ್ವರ್ ಕಡೆ ನವೀಕರಣಕ್ಕೆ, ಇರುವ ಕೀಯನ್ನೇ ಉಳಿಸುವ `--reuse-key` ಸೇರಿಸಿದೆ.

ಪಿನ್ನಿಂಗ್ ಕಾಯುವುದು ಯಾವುದರಿಂದ? ಯಾವುದೋ ಸರ್ಟಿಫಿಕೇಟ್ ಸಂಸ್ಥೆ ನಮ್ಮ ಹೆಸರಿನಲ್ಲಿ ಬೇರೆಯವರಿಗೆ ಸರ್ಟಿಫಿಕೇಟ್ ಕೊಟ್ಟುಬಿಟ್ಟರೆ, ಅದರಿಂದ. ಫೋನಿಗೆ ಯಾರೋ ಹಾಕಿಸಿದ ಸರ್ಟಿಫಿಕೇಟನ್ನು ಆಂಡ್ರಾಯ್ಡ್ 7ರಿಂದ ಆ್ಯಪ್‌ಗಳು ಸುಮ್ನೆ ನಂಬುವುದಿಲ್ಲ, ಅದಕ್ಕೆ ಪಿನ್ ಬೇಕಿಲ್ಲ. ಫೋನಿನ ಮಾಲೀಕನೇ, ಆ್ಯಪ್ ಓಡುವಾಗಲೇ ಅದರ ನಡೆ ಬದಲಿಸುವ ಫ್ರಿಡಾ ಹಿಡಿದು ಕೂತರೆ ಪಿನ್ನಿಂಗ್ ಕಿತ್ತು ಹಾಕುವುದು ಕಷ್ಟವೂ ಅಲ್ಲ.

ರೂಟ್ ಚೆಕ್ ಕಥೆ ಇನ್ನೂ ವಿಚಿತ್ರ. ಒಬ್ಬ ಏಜೆಂಟರ ಹಳೆಯ ಫೋನಿಗೆ ಅಂಗಡಿಯವನು ಕಂಪನಿಯದಲ್ಲದ ಬೇರೆ ಆಂಡ್ರಾಯ್ಡ್, ಅಂದರೆ ಕಸ್ಟಮ್ ROM, ಹಾಕಿಕೊಟ್ಟಿದ್ದ. ಅದರಲ್ಲಿ ರೂಟ್ ಅಧಿಕಾರ ಕೊಡುವ `su` ಇರಲೇ ಇಲ್ಲ. ಬಿಲ್ಡ್‌ನಲ್ಲಿ, ಪರೀಕ್ಷಾ ಕೀಯಿಂದ ಸಹಿ ಆಗಿದೆ ಎನ್ನುವ `test-keys` ಎಂದಿದ್ದಕ್ಕೇ ಆ್ಯಪ್ ಬಾಗಿಲು ಹಾಕಿತ್ತು. ನಿಜವಾಗಿ ರೂಟ್ ಮಾಡಿದವನು ಮ್ಯಾಜಿಸ್ಕ್‌ನಿಂದ ಅದನ್ನು ಮುಚ್ಚಿಟ್ಟು ಒಳಗೆ ಬರಬಲ್ಲ. ರೂಟ್ ಆದ ಫೋನಿನಲ್ಲಿ ಬೇರೆ ಆ್ಯಪ್ ನಮ್ಮ ಲಾಗಿನ್ ಟೋಕನ್ ಕದಿಯಬಹುದು ಎನ್ನುವುದು ನಿಜ. ಅದಕ್ಕೆ ಟೋಕನ್ ಅವಧಿಯನ್ನು ಒಂದು ದಿನಕ್ಕೆ ಇಳಿಸಿದೆ.

ಪಿಗ್ಮಿಯಲ್ಲಿ ನನಗಿರುವ ಜಾಸ್ತಿ ಭಯ ಹಣ ಪಡೆದು ಎಂಟ್ರಿ ಹಾಕದಿರುವುದು. ಅದಕ್ಕೆ ರೂಟ್ ಚೆಕ್ ಏನು ಮಾಡೀತು? ಈಗ ಎಂಟ್ರಿ ಆದ ಕೂಡಲೇ ಸರ್ವರ್‌ನಿಂದಲೇ ಗ್ರಾಹಕರಿಗೆ ಮೆಸೇಜ್ ಹೋಗುತ್ತದೆ. ಬರದಿದ್ದರೆ ಅವರೇ ಕೇಳುತ್ತಾರೆ. ರೂಟ್ ಚೆಕ್ ಈಗ ಯಾರನ್ನೂ ತಡೆಯುವುದಿಲ್ಲ, ಸರ್ವರ್‌ಗೆ ಒಂದು ಗುರುತು ಕಳಿಸುತ್ತದೆ ಅಷ್ಟೇ. ಅಂಥ ಫೋನಿನಿಂದ ಅಸಹಜ ಮೊತ್ತ ಬಂದರೆ ಮ್ಯಾನೇಜರ್ ಏಜೆಂಟರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ.