260/230 ಅನುಪಾತ ಕುಸಿದಾಗ: ರಕ್ತದಿಂದ ಡಿಎನ್‌ಎ ಬೇರ್ಪಡಿಸಿದ ನನ್ನ ಅನುಭವ

ರಕ್ತದಿಂದ ಡಿಎನ್‌ಎ ಬೇರ್ಪಡಿಸಲು ನಾನು ಸಿಲಿಕಾ ಪೊರೆಯ ಕಾಲಂಗಳನ್ನು ಬಳಸುತ್ತೇನೆ. 200 ಮೈಕ್ರೋಲೀಟರ್ ರಕ್ತಕ್ಕೆ ಪ್ರೋಟೀನೇಸ್ ಕೆ ಮತ್ತು ಗ್ವಾನಿಡಿನ್ ಲವಣವಿರುವ ಲೈಸಿಸ್ ಬಫರ್ ಸೇರಿಸಿ, 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ನಿಮಿಷ ಇಡುತ್ತೇನೆ. ಕೋಶಗಳು ಒಡೆದು ಪ್ರೋಟೀನುಗಳು ಕರಗಿದ ಮೇಲೆ ಎಥನಾಲ್ ಬೆರೆಸಿ ಕಾಲಂಗೆ ಹಾಕುತ್ತೇನೆ. ಗ್ವಾನಿಡಿನ್ ಡಿಎನ್‌ಎಯ ಸುತ್ತಲಿನ ನೀರಿನ ಹೊದಿಕೆಯನ್ನು ಕಳಚುವುದರಿಂದ, ಅದು ಎಥನಾಲ್‌ನ ನೆರವಿನಿಂದ ಸಿಲಿಕಾಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿಸಲು ಅನಿವಾರ್ಯವಾದ ಆ ಲವಣವೇ ಮುಂದೆ ತೊಳೆದು ತೆಗೆಯಬೇಕಾದ ಕಲ್ಮಶವಾಗುತ್ತದೆ.

ಒಮ್ಮೆ, ಪೊರೆಯಿಂದ ಡಿಎನ್‌ಎಯನ್ನು ಬಿಡಿಸುವ ಎಲ್ಯೂಷನ್ ಬಫರ್‌ನ 100 ಮೈಕ್ರೋಲೀಟರ್‌ನಲ್ಲಿ ಇಳಿಸಿದ ಮಾದರಿಯನ್ನು, ಅದೇ ಬಫರನ್ನು ಬ್ಲ್ಯಾಂಕ್ ಆಗಿಟ್ಟು ಅಳೆದಾಗ, ಪ್ರಮಾಣ ಮೈಕ್ರೋಲೀಟರಿಗೆ 42 ನ್ಯಾನೋಗ್ರಾಂ, 260/280 ಅನುಪಾತ 1.84, 260/230 ಅನುಪಾತ 0.7 ಎಂದು ಬಂತು. ಈ ಅನುಪಾತಗಳು ಆಯಾ ಎರಡು ತರಂಗಾಂತರಗಳಲ್ಲಿ, ಅಂದರೆ ಅಷ್ಟು ನ್ಯಾನೋಮೀಟರ್‌ಗಳಲ್ಲಿ, ಮಾದರಿ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದರ ಹೋಲಿಕೆ. ಶುದ್ಧ ಡಿಎನ್‌ಎಗೆ ಮೊದಲನೆಯದು 1.8ರ ಆಸುಪಾಸಿನಲ್ಲಿಯೂ ಎರಡನೆಯದು 2.0ರಿಂದ 2.2ರವರೆಗೂ ಇರಬೇಕು. ಪ್ರೋಟೀನು ಹೆಚ್ಚಾಗಿ ಉಳಿದಿದ್ದರೆ ಮೊದಲನೆಯದೂ ತಗ್ಗುತ್ತಿತ್ತು; ಎರಡನೆಯದೊಂದೇ ಕುಸಿದದ್ದರಿಂದ ನನ್ನ ಅನುಮಾನ 230ರ ಬಳಿ ಬೆಳಕು ಹೀರುವ ಗ್ವಾನಿಡಿನ್ ಲವಣದ ಮೇಲೆ ಹೋಯಿತು.

ಲೆಕ್ಕ ಹಾಕಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಎರಡೆಳೆಯ ಡಿಎನ್‌ಎಗೆ 260 ನ್ಯಾನೋಮೀಟರ್‌ನಲ್ಲಿ 1 ಎಂಬ ಹೀರಿಕೆ ಎಂದರೆ ಮೈಕ್ರೋಲೀಟರಿಗೆ 50 ನ್ಯಾನೋಗ್ರಾಂ. ಆದ್ದರಿಂದ ಈ ಮಾದರಿಯ ಹೀರಿಕೆ 260ರಲ್ಲಿ 0.84, 230ರಲ್ಲಿ 1.2. ಡಿಎನ್‌ಎಯ ಪಾಲು 230ರಲ್ಲಿ ಸುಮಾರು 0.4 ಮಾತ್ರ; ಮಿಕ್ಕ 0.8 ಕಲ್ಮಶದ್ದು. ಇಷ್ಟೇ ಕಲ್ಮಶ ಮೈಕ್ರೋಲೀಟರಿಗೆ 200 ನ್ಯಾನೋಗ್ರಾಂ ಪ್ರಮಾಣದ ಮಾದರಿಯಲ್ಲಿದ್ದರೆ ಅನುಪಾತ 1.5ರ ಹತ್ತಿರ ಬರುತ್ತಿತ್ತು. ಡಿಎನ್‌ಎ ಕಡಿಮೆಯಿದ್ದಷ್ಟೂ 260/230 ಕೆಟ್ಟದಾಗಿ ಕಾಣುತ್ತದೆಯಾದ್ದರಿಂದ, ಪ್ರಮಾಣವನ್ನು ನೋಡದೆ ಈ ಅನುಪಾತವನ್ನು ನಾನು ಓದುವುದಿಲ್ಲ.

ಲವಣ ಪೊರೆಯಲ್ಲಷ್ಟೇ ಅಲ್ಲ, ಕಾಲಂನ ಒಳಗೋಡೆ ಮತ್ತು ಅಂಚಿನಲ್ಲಿಯೂ ಉಳಿಯುತ್ತದೆ. ಅದೇ ರಕ್ತವನ್ನು ಮತ್ತೆ ತೆಗೆದುಕೊಂಡಾಗ ತೊಳೆಯುವ ಬಫರನ್ನು ನಡುವೆ ಸುರಿಯದೆ ಗೋಡೆಯ ಸುತ್ತ ಇಳಿಬಿಟ್ಟೆ, ಎಥನಾಲ್ ಇರುವ ಕೊನೆಯ ತೊಳೆತವನ್ನು ಎರಡು ಬಾರಿ ಮಾಡಿದೆ, ಪ್ರತಿ ಸಲವೂ ಕೆಳಗಿನ ಟ್ಯೂಬನ್ನು ಬದಲಿಸಿದೆ. ಎಲ್ಯೂಷನ್ ಬಫರನ್ನು ಮಾತ್ರ ಪೊರೆಯ ನಟ್ಟನಡುವೆ ಹಾಕಿ, ಕೆಲವು ನಿಮಿಷ ನೆನೆಯಲು ಬಿಟ್ಟು ತಿರುಗಿಸಿದೆ. ಪ್ರಮಾಣ 40ರಷ್ಟೇ ಇತ್ತು. 260/230 ಮಾತ್ರ 1.9ಕ್ಕೆ ಏರಿತು.

ಮೊದಲ ಮಾದರಿಯನ್ನು ಚೆಲ್ಲಲಿಲ್ಲ. 25 ಮೈಕ್ರೋಲೀಟರ್ ಪಿಸಿಆರ್‌ಗೆ ಅದರ 1 ಮೈಕ್ರೋಲೀಟರ್ ಹಾಕಿದಾಗ ಕಲ್ಮಶ ಸಾಕಷ್ಟು ತೆಳುವಾಗಿ, ಜೆಲ್‌ನಲ್ಲಿ ಡಿಎನ್‌ಎಯ ಪಟ್ಟಿ ಸ್ಪಷ್ಟವಾಗಿಯೇ ಬಂತು. ಎರಡೂ ಅನುಪಾತಗಳು ಹಿಡಿಯಲಾರದವುಗಳಲ್ಲಿ ಎಥನಾಲ್ ಒಂದು: ಅದು ಈ ತರಂಗಾಂತರಗಳಲ್ಲಿ ಬೆಳಕನ್ನು ಹೀರುವುದಿಲ್ಲ, ಆದರೆ ಪಿಸಿಆರ್‌ಗೆ ಅಡ್ಡಿಯಾಗುತ್ತದೆ. ಜೆಲ್‌ನ ಗುಳಿಯೊಳಗೆ ಹಾಕಿದ ಮಾದರಿ ಕೆಳಗಿಳಿಯದೆ ಮೇಲೆ ತೇಲಿ ಚದುರಿದರೆ ಎಥನಾಲ್ ಉಳಿದಿದೆಯೆಂದೇ ತಿಳಿಯುತ್ತೇನೆ. ಅದಕ್ಕಾಗಿ ಎಲ್ಯೂಷನ್‌ಗೆ ಮುನ್ನ ಖಾಲಿ ಕಾಲಂ ಅನ್ನು ಹೊಸ ಟ್ಯೂಬಿನಲ್ಲಿ ಪೂರ್ಣ ವೇಗದಲ್ಲಿ ಇನ್ನೊಮ್ಮೆ ತಿರುಗಿಸಿ ಒಣಗಿಸುತ್ತೇನೆ.