ನನ್ನ ಬಗ್ಗೆ ಐದು ಪ್ರಶ್ನೆ: ಮೆಷಿನ್ ಶಾಪ್‌ನಲ್ಲಿ ಅಭಿಪ್ರಾಯ ಕೇಳಿದ ನನ್ನ ಅನುಭವ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಮೆಷಿನ್ ಶಾಪ್ ಇನ್‌ಚಾರ್ಜ್. ನಮ್ಮಲ್ಲಿ ವರ್ಷಕ್ಕೊಮ್ಮೆ ಒಂದು ಫಾರಂ ಬರುತ್ತದೆ. ನಾಯಕತ್ವ, ಸಂವಹನ, ಸಹಕಾರ ಅಂತ ಸಾಲಾಗಿ ಇರುತ್ತದೆ. ಪ್ರತಿಯೊಂದಕ್ಕೂ ನಾವು ಒಬ್ಬರಿಗೊಬ್ಬರು 1ರಿಂದ 5ರವರೆಗೆ ಅಂಕ ಹಾಕಬೇಕು. ನನಗೆ ಯಾವಾಗಲೂ ಹೆಚ್ಚು ಕಡಿಮೆ ಎಲ್ಲದರಲ್ಲೂ 4. ಓದಿದಾಗ ಖುಷಿ, ಅಷ್ಟೇ. ಸೋಮವಾರ ಶಾಪ್‌ಗೆ ಹೋಗಿ ಯಾವುದನ್ನು ಬೇರೆ ಥರ ಮಾಡಬೇಕು ಅನ್ನೋದು ಆ 4ರಿಂದ ಗೊತ್ತಾಗಲ್ಲ.

ಅಂಕಗಳ ತೊಂದರೆ ನಮ್ಮ ಕಾರ್ಖಾನೆಯದ್ದು ಮಾತ್ರ ಅಲ್ಲ. ಮ್ಯಾನೇಜರ್‌ಗಳಿಗೆ ಬಂದ ಇಂಥ ಅಂಕಗಳನ್ನು ಅಮೆರಿಕದ ಸಂಶೋಧಕರು ಬಿಡಿಸಿ ನೋಡಿದ್ದರು. ಅದು 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅಂಕಗಳಲ್ಲಿ ಕಂಡ ಏರುಪೇರಿನ ಅರ್ಧಕ್ಕಿಂತ ಜಾಸ್ತಿ ಭಾಗ ಅಂಕ ಕೊಟ್ಟವರ ಸ್ವಭಾವದಿಂದ ಬಂದದ್ದು ಅಂತ ಅವರಿಗೆ ಕಂಡಿತು. ಅಂದರೆ ಕೈಬಿಗಿ ಇರುವವರು ಎಲ್ಲರಿಗೂ 3 ಕೊಡುತ್ತಾರೆ, ಧಾರಾಳಿಗಳು ಎಲ್ಲರಿಗೂ 5 ಕೊಡುತ್ತಾರೆ. ನನ್ನ ಕೆಲಸದ ವಿಷಯ ಅದರಲ್ಲಿ ಎಲ್ಲೋ ಸ್ವಲ್ಪ ಇರುತ್ತದೆ.

ಹಾಗಾಗಿ ಅಂಕ ಬಿಟ್ಟು ಪ್ರಶ್ನೆ ಕೇಳೋಣ ಅಂದುಕೊಂಡೆ. ಕೆಳಗಿನ ಐದು ಪ್ರಶ್ನೆಗಳನ್ನು ಕನ್ನಡದಲ್ಲೇ ಸಿದ್ಧಮಾಡಿದೆ.

1. ಕಳೆದ ಮೂರು ತಿಂಗಳಲ್ಲಿ ನಾನು ಮಾಡಿದ ಯಾವ ಕೆಲಸದಿಂದ ನಿಮ್ಮ ಕೆಲಸ ಸುಲಭವಾಯಿತು? ಒಂದು ಸಂದರ್ಭ ಹೇಳಿ.
2. ನನ್ನಿಂದಾಗಿ ನಿಮ್ಮ ಕೆಲಸ ತಡವಾದ ಅಥವಾ ನಿಂತುಹೋದ ಒಂದು ಸಂದರ್ಭ ಹೇಳಿ.
3. ಕೆಟ್ಟ ಸುದ್ದಿ ಹೇಳಲು ನನ್ನ ಹತ್ತಿರ ಬಂದಾಗ ಏನಾಯಿತು? ಬರದೇ ಬಿಟ್ಟಿದ್ದರೆ, ಯಾವ ಸುದ್ದಿ?
4. ನಾನು ಮಾಡುತ್ತಿರುವ ಯಾವ ಒಂದು ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಬೇಕು?
5. ಮುಂದಿನ ಮೂರು ತಿಂಗಳಲ್ಲಿ ನಾನು ಒಂದೇ ಒಂದು ವಿಷಯ ಬದಲಿಸುವುದಾದರೆ ಅದು ಯಾವುದು?

"ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದರೆ ನಮ್ಮ ಕಡೆ ಉತ್ತರ ಒಂದೇ: "ಏನೂ ಇಲ್ಲ ಸಾರ್." ಅದಕ್ಕೇ ಎಲ್ಲ ಕಡೆ "ಒಂದು" ಅಂತ ಕೇಳಿದ್ದು. ಒಂದು ಕೇಳಿದರೆ ಜನ ಯೋಚಿಸಿ ಒಂದಾದರೂ ಹೇಳುತ್ತಾರೆ. ಮೂರು ತಿಂಗಳು ಅಂತ ಗಡಿ ಹಾಕಿದ್ದಕ್ಕೂ ಕಾರಣವಿದೆ. ಇಲ್ಲದಿದ್ದರೆ ಯಾವುದೋ ಕಾಲದ ಜಗಳ ಎದ್ದು ಬರುತ್ತದೆ, ಇಲ್ಲವೇ ನಿನ್ನೆ ನಡೆದದ್ದು ಮಾತ್ರ ನೆನಪಾಗುತ್ತದೆ. "ನಿಮ್ಮ ಕೆಲಸ" ಅನ್ನೋ ಮಾತೂ ಮುಖ್ಯ. ಅದಿಲ್ಲದಿದ್ದರೆ "ಅವರಿಗೆ ಬೇಜಾರಂತೆ, ಇವರಿಗೆ ಕೋಪವಂತೆ" ಅನ್ನೋ ಅಂತೆಕಂತೆಯೇ ಜಾಸ್ತಿ ಬರುತ್ತದೆ.

ಯಾರನ್ನು ಕೇಳಬೇಕು ಅನ್ನೋದು ಪ್ರಶ್ನೆಗಳಷ್ಟೇ ಮುಖ್ಯ. ಸಮಾನರಲ್ಲಿ ಕ್ವಾಲಿಟಿ, ಪ್ಲಾನಿಂಗ್, ಸ್ಟೋರ್ಸ್ ಮತ್ತು ಮೆಂಟೆನೆನ್ಸ್ ಇನ್‌ಚಾರ್ಜ್‌ಗಳು, ಒಟ್ಟು ನಾಲ್ವರು. ಇವರಲ್ಲಿ ಒಬ್ಬರಿಗೂ ನನಗೂ ಅಷ್ಟಕ್ಕಷ್ಟೇ. ಬೇಕಂತಲೇ ಅವರನ್ನು ಸೇರಿಸಿದೆ. ಕಿರಿಯರಲ್ಲಿ ಮೂರೂ ಶಿಫ್ಟ್‌ನಿಂದ ಆರು ಜನ. ಹೊಸ ಜಾಬ್‌ಗೆ ಮೆಷಿನ್ ಸಜ್ಜು ಮಾಡುವ ಸೆಟ್ಟರ್‌ಗಳು, ಆಪರೇಟರ್‌ಗಳು, ಜೊತೆಗೆ ಐಟಿಐ ಮುಗಿಸಿ ಬಂದ ಒಬ್ಬ ಟ್ರೈನಿ. ಹಿರಿಯರಲ್ಲಿ ಇಬ್ಬರು. ಸಮಯ ನವೆಂಬರ್. ಇನ್‌ಕ್ರಿಮೆಂಟ್ ಮಾತು ಶುರುವಾಗುವ ಮಾರ್ಚ್ ಹತ್ತಿರ ಕೇಳಿದರೆ ಸಮಾನರು ಕೊಡು-ಕೊಳ್ಳುವ ಲೆಕ್ಕ ಹಾಕುತ್ತಾರೆ. ಕಿರಿಯರು ಹೆದರುತ್ತಾರೆ.

ಕಷ್ಟದ ಭಾಗ ಇಲ್ಲಿಂದ ಮುಂದೆ. ಹೆಸರು ಬರೆಯಬೇಡಿ ಅಂದರೆ ಸಾಕು, ಎಲ್ಲರೂ ಮನಸ್ಸು ಬಿಚ್ಚುತ್ತಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಶಾಪ್‌ನಲ್ಲಿ ಅದು ನಡೆಯಲ್ಲ. ಲಾಗ್ ಬುಕ್ ದಿನವೂ ನೋಡುವ ನನಗೆ ಎಲ್ಲರ ಕೈಬರಹ ಗೊತ್ತು. ಮಾತಿನ ಧಾಟಿಯೂ ಗೊತ್ತು. ಮದ್ದೂರು ಕಡೆಯವರು ಬರೆಯೋದು ಒಂದು ಥರ, ರಾಯಚೂರಿಂದ ಬಂದ ಹುಡುಗ ಬರೆಯೋದು ಇನ್ನೊಂದು ಥರ. ಎಲ್ಲಕ್ಕಿಂತ ದೊಡ್ಡ ತೊಡಕು ಸಂದರ್ಭದ್ದು. ಸಂದರ್ಭ ಹೇಳಿ ಅಂತ ನಾನೇ ಕೇಳುತ್ತೇನೆ, ಆದರೆ ಸಂದರ್ಭ ಹೇಳಿದ ಕೂಡಲೇ ಹೇಳಿದವರು ಯಾರು ಅಂತ ಗೊತ್ತಾಗಿಬಿಡುತ್ತದೆ. "ಆವತ್ತು ರಾತ್ರಿ ಕೂಲೆಂಟ್ ಪಂಪ್ ಕೆಟ್ಟಾಗ..." ಅಂತ ಬರೆದರೆ ಆ ರಾತ್ರಿ ಅಲ್ಲಿ ಯಾರಿದ್ದರು ಅಂತ ನನಗೆ ಗೊತ್ತಿಲ್ವಾ?

ಅದಕ್ಕೆ ನಮ್ಮ ಟ್ರೈನಿಂಗ್ ವಿಭಾಗದ ಮೇಡಂ ಒಬ್ಬರನ್ನು ನಡುವೆ ನಿಲ್ಲಿಸಿದೆ. ಹುಡುಗರಿಗೆ ಅವರ ಮೇಲೆ ನಂಬಿಕೆ ಇದೆ. ಕಿರಿಯರನ್ನು ಒಬ್ಬೊಬ್ಬರನ್ನಾಗಿ ಅವರೇ ಮಾತಾಡಿಸಿದರು. ಪ್ರಶ್ನೆ ಓದಿ, ಉತ್ತರ ಕೇಳಿ, ತಮ್ಮ ಮಾತಿನಲ್ಲಿ ಟೈಪ್ ಮಾಡಿದರು. ನಾವು ಮಾಡಿಕೊಂಡ ಒಪ್ಪಂದ ಹೀಗಿತ್ತು. ಒಂದು ಘಟನೆ ಒಬ್ಬರಿಗೆ ಮಾತ್ರ ಗೊತ್ತಿರುವಂಥದ್ದಾದರೆ, ದಿನಾಂಕ ಮತ್ತು ಮೆಷಿನ್ ನಂಬರ್ ಅವರ ಹತ್ತಿರವೇ ಇರಬೇಕು. ನನಗೆ "ರಾತ್ರಿ ಪಾಳಿಯಲ್ಲಿ ಮೆಷಿನ್ ಕೆಟ್ಟಾಗ" ಅಂತ ಮಾತ್ರ ಬರಬೇಕು. ಒಂದು ಗುಂಪಿನಲ್ಲಿ ಮೂವರಿಗಿಂತ ಕಡಿಮೆ ಜನ ಉತ್ತರಿಸಿದರೆ ಆ ಗುಂಪಿನ ಉತ್ತರ ಬೇರೆಯಾಗಿ ಕೊಡುವಂತಿಲ್ಲ. ಹಿರಿಯರು ಇಬ್ಬರೇ ಇದ್ದದ್ದರಿಂದ "ನಿಮ್ಮ ಉತ್ತರ ಯಾರದು ಅಂತ ನನಗೆ ತಿಳಿಯುತ್ತದೆ" ಅಂತ ಮೊದಲೇ ಹೇಳಿಬಿಟ್ಟೆ. ಅವರಿಗೇನೂ ಅಭ್ಯಂತರ ಇರಲಿಲ್ಲ. ನನಗೆ ಹೆದರುವ ಅಗತ್ಯ ಅವರಿಗೆ ಎಲ್ಲಿದೆ!

ಹಾಗಂತ ಹಿರಿಯರಿಂದ ಉತ್ತರ ಸಲೀಸಾಗಿ ಬಂತು ಅಂದುಕೊಳ್ಳಬೇಡಿ. ಒಬ್ಬರು ಐದಕ್ಕೂ ಸೇರಿಸಿ "ಒಳ್ಳೆ ಕೆಲಸ, ಹೀಗೇ ಮುಂದುವರಿಸಿ" ಅಂತ ಬರೆದು ಕಳಿಸಿದರು. ಟೀ ಹೊತ್ತಲ್ಲಿ ಅವರ ಕ್ಯಾಬಿನ್‌ಗೆ ಹೋಗಿ ಕೂತೆ. "ಸಾರ್, ಯಾವ ಕೆಲಸ ನೋಡಿ ಹಾಗೆ ಬರೆದ್ರಿ? ಒಂದು ಹೇಳಿ" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಪ್ರತಿ ಜಾಬ್‌ನ ಫಸ್ಟ್ ಪೀಸ್ ನೀವೇ ನೋಡಿ ಸಹಿ ಹಾಕ್ತೀರಲ್ಲ, ಅದರಿಂದ ಕಸ್ಟಮರ್ ದೂರು ಕಮ್ಮಿ ಆಗಿದೆ. ಅದನ್ನ ಬಿಡಬೇಡಿ." ಫಸ್ಟ್ ಪೀಸ್ ಅಂದರೆ ಜಾಬ್ ಬದಲಾಯಿಸಿದ ಮೇಲೆ ಮೆಷಿನ್‌ನಿಂದ ಬರುವ ಮೊದಲ ತುಂಡು. ಅದಕ್ಕೆ ಸಹಿ ಬಿದ್ದ ಮೇಲೇ ಉಳಿದದ್ದು ಓಡುತ್ತದೆ.

ಇನ್ನೊಂದು ಗುಂಪಿನ ಉತ್ತರ ನೋಡಿ. ಕಿರಿಯರ ಆರು ಜನರಲ್ಲಿ ನಾಲ್ವರು ಎರಡನೇ ಪ್ರಶ್ನೆಗೆ ಇದೇ ಫಸ್ಟ್ ಪೀಸ್ ವಿಷಯ ಹೇಳಿದ್ದರು. ನಾನು ಜನರಲ್ ಶಿಫ್ಟ್, ಸಂಜೆ ಹೊರಟುಬಿಡುತ್ತೇನೆ. ಎರಡನೇ ಶಿಫ್ಟ್ ರಾತ್ರಿ ಹತ್ತರವರೆಗೆ, ಆಮೇಲೆ ಬೆಳಿಗ್ಗೆ ಆರರವರೆಗೆ ರಾತ್ರಿ ಪಾಳಿ. ಸಂಜೆ ಮೇಲೆ ಜಾಬ್ ಬದಲಾಯಿಸಿದರೆ ಫಸ್ಟ್ ಪೀಸ್‌ಗೆ ಸಹಿ ಹಾಕುವವರಿಲ್ಲ. ಸೆಟ್ಟರ್ ಮುಂದಿನ ಸೆಟ್ಟಿಂಗ್ ಮಾಡುವುದೇ ಇಲ್ಲ. ಹಳೆ ಜಾಬ್ ಎಳೆದುಕೊಂಡು ಹೋಗುತ್ತಾರೆ, ಇಲ್ಲದಿದ್ದರೆ ಮೆಷಿನ್ ಸುಮ್ನೆ ನಿಲ್ಲುತ್ತದೆ. ಸಮಾನರಲ್ಲಿ ಪ್ಲಾನಿಂಗ್‌ನವರು ಅದನ್ನೇ ಅವರ ಕಡೆಯಿಂದ ಬರೆದಿದ್ದರು: "ಸಂಜೆ ಐದರ ಮೇಲೆ ನಿಮ್ಮ ಶಾಪ್‌ನ ಪ್ಲಾನ್ ನಂಬಲು ಆಗಲ್ಲ."

ಒಂದೇ ಕೆಲಸ. ಹಿರಿಯರಿಗೆ ಅದು ನನ್ನ ದೊಡ್ಡ ಗುಣ, ಕಿರಿಯರಿಗೆ ದೊಡ್ಡ ತಡೆ. ಅಂಕಗಳ ಫಾರಂನಲ್ಲಿ ಇದು ಹೇಗೆ ಬರುತ್ತಿತ್ತು? ಒಬ್ಬರ 5, ಇನ್ನೊಬ್ಬರ 3, ಸರಾಸರಿ 4. ಆ ಸರಾಸರಿಯಲ್ಲಿ ಎರಡೂ ಸತ್ಯ ಮುಚ್ಚಿಹೋಗುತ್ತದೆ.

ಉತ್ತರಗಳನ್ನು ಓದುವಾಗ ನಾನು ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿಕೊಂಡೆ: ಹಿರಿಯರು, ಸಮಾನರು, ಕಿರಿಯರು. ಎಡಗಡೆ ಗುಣದ ಹೆಸರು ಬರೆಯಲಿಲ್ಲ, ಕೆಲಸದ ಹೆಸರು ಬರೆದೆ. "ತಾಳ್ಮೆ" ಅಂತ ಬರೆದರೆ ವಾದಕ್ಕೆ ಕೊನೆಯಿಲ್ಲ. "ಫಸ್ಟ್ ಪೀಸ್ ಸಹಿ", "ರಿಜೆಕ್ಷನ್ ಬಿನ್ ಹತ್ತಿರ ಮಾತು", "ಇನ್ಸರ್ಟ್ ಇಂಡೆಂಟ್" ಅಂತ ಬರೆದರೆ ಎಲ್ಲರ ಮಾತೂ ಒಂದು ಜಾಗಕ್ಕೆ ಬಂದು ಕೂರುತ್ತದೆ. ಎರಡು ಗುಂಪಿನಲ್ಲಿ ಬಂದದ್ದು, ಅಥವಾ ಒಂದೇ ಗುಂಪಿನ ಇಬ್ಬರಾದರೂ ಹೇಳಿದ್ದು ಕೈಗೆತ್ತಿಕೊಳ್ಳುವ ವಿಷಯ. ಒಬ್ಬರೇ ಹೇಳಿದ್ದನ್ನು ಬರೆದಿಟ್ಟುಕೊಂಡೆ, ಅದರ ಮೇಲೆ ಏನೂ ಮಾಡಲಿಲ್ಲ. ಹೊಗಳಿಕೆಗೂ ಇದೇ ನಿಯಮ. ಒಬ್ಬರ ಹೊಗಳಿಕೆ ನಂಬಿ ಬೀಗುವುದೂ ತಪ್ಪು ಲೆಕ್ಕವೇ.

ಮೂರನೇ ಪ್ರಶ್ನೆಗೆ ಕಿರಿಯರ ಉತ್ತರಗಳು ಅತಿ ಚಿಕ್ಕವು. ಇಬ್ಬರು ಏನೂ ಹೇಳಿಲ್ಲ. ಇಬ್ಬರು ಹೇಳಿದ್ದು ಹೆಚ್ಚುಕಡಿಮೆ ಒಂದೇ: ಲೋಹ ಕತ್ತರಿಸುವ ಚಿಕ್ಕ ಬಿಲ್ಲೆ, ಅಂದರೆ ಇನ್ಸರ್ಟ್, ಮುರಿದರೆ ನನ್ನ ಹತ್ತಿರ ಬರುವುದಿಲ್ಲ, ಪಕ್ಕದ ಮೆಷಿನ್‌ನಿಂದ ಸಾಲ ತರುತ್ತಾರೆ. ಯಾಕೆ ಅಂತ ಬರೆದಿರಲಿಲ್ಲ. ನಾನೂ ಕೆದಕಲು ಹೋಗಲಿಲ್ಲ. ಯಾರು ಹೇಳಿದ್ದು ಅಂತ ಹುಡುಕಲು ಹೊರಟ ಗಳಿಗೆಯಿಂದ ಮುಂದೆ ಯಾರೂ ನಿಜ ಹೇಳಲ್ಲ. ಮುರಿದ ಇನ್ಸರ್ಟ್ ಹಾಕಲು ಸ್ಟೋರ್ಸ್ ಕಿಟಕಿಯಲ್ಲಿ ಒಂದು ಡಬ್ಬಿ ಇಡಿಸಿದೆ. ಹಳೆಯದು ಹಾಕಿ ಹೊಸದು ತಗೊಳ್ಳಿ, ನನ್ನ ಸಹಿ ಬೇಡ.

ವಾರದೊಳಗೆ ಶಿಫ್ಟ್ ಶುರುವಿನ ಐದು ನಿಮಿಷದ ಮೀಟಿಂಗ್‌ನಲ್ಲಿ ಮೂರೂ ಪಾಳಿಗೆ ಹೇಳಿದೆ. ಏನು ಕೇಳಿಬಂತು, ಯಾವುದನ್ನು ಬದಲಿಸುತ್ತೇನೆ, ಯಾವುದನ್ನು ಬದಲಿಸಲ್ಲ. ಮೂರನೆಯದನ್ನು ಬಿಡಬಾರದು. ಮೆಷಿನ್ ಹತ್ತಿರ ಮೊಬೈಲ್ ಬೇಡ ಅನ್ನೋ ನಿಯಮ ಸಡಿಲಿಸಿ ಅಂತ ಕೇಳಿದ್ದರು. ಅದು ಆಗಲ್ಲ, ತಿರುಗುವ ಚಕ್ ಮುಂದೆ ಗಮನ ಬೇರೆ ಕಡೆ ಹೋದರೆ ಕೈ ಹೋಗುತ್ತದೆ ಅಂತ ನೇರವಾಗಿ ಹೇಳಿದೆ. ಮುಖ ಸಣ್ಣ ಮಾಡಿದರು, ಆದರೆ ಅವರ ಮಾತು ನನ್ನ ತನಕ ಬಂದಿದೆ ಅಂತ ಗೊತ್ತಾಯಿತು.

ಫಸ್ಟ್ ಪೀಸ್ ವಿಷಯದಲ್ಲಿ ಹಿರಿಯರನ್ನೂ ಒಪ್ಪಿಸಬೇಕಿತ್ತು. ಅವರ ಮುಂದೆ ಹಾಳೆ ಇಟ್ಟೆ, ಮೂರು ಕಾಲಂ ತೋರಿಸಿದೆ. ಕೊನೆಗೆ ಆದದ್ದು ಇಷ್ಟು: ಹೊಸ ಪಾರ್ಟ್ ಅಥವಾ ಡ್ರಾಯಿಂಗ್ ಬದಲಾದ ಪಾರ್ಟ್ ಆದರೆ ನನ್ನ ಸಹಿ ಬೇಕು. ಹಿಂದೆ ಓಡಿದ ಜಾಬ್ ಆದರೆ ಸೀನಿಯರ್ ಸೆಟ್ಟರ್ ಸಹಿ ಸಾಕು.

ಮೂರು ತಿಂಗಳ ಮೇಲೆ ಅದೇ ಜನರಿಗೆ ಎರಡನೇ ಮತ್ತು ಐದನೇ ಪ್ರಶ್ನೆ ಮಾತ್ರ ಕೇಳಿಸಿದೆ. ಐದನ್ನೂ ಮತ್ತೆ ಕೇಳಿದರೆ ಜನ ಬೇಸತ್ತು ಹಳೆ ಉತ್ತರವನ್ನೇ ಕೊಡುತ್ತಾರೆ. ಕಿರಿಯರಿಂದ ಫಸ್ಟ್ ಪೀಸ್ ಮಾತು ಬರಲಿಲ್ಲ. ಈ ಸಲ ಅದು ಕ್ವಾಲಿಟಿಯವರಿಂದ ಬಂತು. ರಾತ್ರಿ ಸೆಟ್ಟರ್ ಸಹಿ ಹಾಕಿದ ಒಂದು ಲಾಟ್‌ನಲ್ಲಿ ಬೋರ್ ಸೈಜ್, ಅಂದರೆ ರಂಧ್ರದ ಅಳತೆ, ದೊಡ್ಡದಾಗಿತ್ತು. ಅದನ್ನು ಪರೀಕ್ಷಿಸುವ ಪ್ಲಗ್ ಗೇಜ್ ಕ್ವಾಲಿಟಿ ರೂಮ್‌ನಲ್ಲಿ ಬೀಗದೊಳಗೆ ಇತ್ತು, ಸೆಟ್ಟರ್ ವರ್ನಿಯರ್‌ನಲ್ಲಿ ಅಳೆದು ಸಹಿ ಹಾಕಿದ್ದ. ಈಗ ಬೋರ್ ಇರುವ ಜಾಬ್‌ಗಳ ಗೇಜ್ ಒಂದು ಸೆಟ್ ಶಾಪ್‌ನಲ್ಲೇ ಇರುತ್ತದೆ. ಸಹಿಯ ಪಕ್ಕ ಗೇಜ್ ನಂಬರ್ ಬರೆಯದಿದ್ದರೆ ಮೆಷಿನ್ ಓಡಿಸುವಂತಿಲ್ಲ.